ರ‍್ಯಾಪಿಡ್ ನೆಗೆಟಿವ್ ಬಂದ ಮೇಲೆ: ಕುರಿ ರಕ್ತದ ಪ್ಲೇಟ್ ಕೈಹಿಡಿದ ಅನುಭವ

ಗಂಟಲು ನೋವಿನ ಮಗುವಿಗೆ, ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾವನ್ನು ನಿಮಿಷಗಳಲ್ಲಿ ಹುಡುಕುವ ರ‍್ಯಾಪಿಡ್ ಕಿಟ್ ನೆಗೆಟಿವ್ ಬಂದರೆ ಕಲ್ಚರ್ ಹಾಕಲೇಬೇಕು, ಅಂದರೆ ಪ್ಲೇಟಿನಲ್ಲಿ ಬೆಳೆಸಿ ನೋಡಲೇಬೇಕು. ಕಲಬುರಗಿಯಲ್ಲಿ ಲ್ಯಾಬ್ ಶುರು ಮಾಡಿದಾಗಿನಿಂದ ನಾನು ಇದನ್ನೇ ಹೇಳುತ್ತಿದ್ದೆ. ಡಾಕ್ಟರುಗಳು ಒಪ್ಪುತ್ತಿರಲಿಲ್ಲ. "ಕಲ್ಚರಿಗೆ ಎರಡು ದಿನ ಬೇಕು. ಬಂದರೂ ನಿಮ್ಮ ಪ್ಲೇಟಿನಲ್ಲಿ ಏನು ಕಾಣ್ತದ್ರೀ?" ಅಂತ ಒಬ್ಬರು ನೇರವಾಗಿಯೇ ಕೇಳಿದ್ದರು.

ಪ್ಲೇಟಿನ ಬಗ್ಗೆ ಅವರು ಹೇಳಿದ್ದು ಸರಿ ಇತ್ತು. ಪ್ಲೇಟಿನ ಅಗಾರ್ ಜೆಲ್ಲಿಗೆ ಬೆರೆಸಲು ಇಲ್ಲಿ ಎಲ್ಲರೂ ಬಳಸುತ್ತಿದ್ದದ್ದು ಅವಧಿ ಮೀರಿದ ಬ್ಲಡ್ ಬ್ಯಾಂಕ್ ರಕ್ತ. ಅದರಲ್ಲಿ ಹೆಪ್ಪುಗಟ್ಟದಂತೆ ಹಾಕಿದ ಸಿಟ್ರೇಟ್ ಇರುತ್ತದೆ. ದಾನಿಯ ಆ್ಯಂಟಿಬಾಡಿಯೂ ಇರಬಹುದು, ಅವರು ನುಂಗಿದ ಆ್ಯಂಟಿಬಯಾಟಿಕ್ ಅಂಶವೂ ಇರಬಹುದು. ಸ್ಟ್ರೆಪ್ ಬೆಳೆದರೂ ಅದರ ಚುಕ್ಕೆಯ ಸುತ್ತ ರಕ್ತಕಣ ಒಡೆದು ಬೀಳಬೇಕಾದ ತಿಳಿಯಾದ ಉಂಗುರ ಸರಿಯಾಗಿ ಬೀಳುವುದಿಲ್ಲ. ಸುಮಾರು ಒಂದು ವರ್ಷ ಅಗಾರ್ ದುಡ್ಡೆಲ್ಲ ಹೀಗೇ ಹೋಯಿತು. ಹತ್ತು ಹನ್ನೆರಡು ಸಾವಿರ ಇರಬೇಕು.

ಆಮೇಲೆ ಕುರಿ ರಕ್ತಕ್ಕೆ ಬದಲಾದೆ. ನಮ್ಮ ಕಡೆ ಕುರಿಗೆ ಬರವಿಲ್ಲ, ಅಲ್ವಾ? ಪಶುವೈದ್ಯರೇ ಕತ್ತಿನ ನಾಳದಿಂದ ತೆಗೆದುಕೊಡುತ್ತಾರೆ. ಗಾಜಿನ ಮಣಿ ಹಾಕಿದ ಸ್ಟೆರೈಲ್ ಫ್ಲಾಸ್ಕಿನಲ್ಲಿ ಹತ್ತು ನಿಮಿಷ ಮೆಲ್ಲಗೆ ತಿರುಗಿಸಿದರೆ ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ಎಲ್ಲ ಮಣಿಗೆ ಸುತ್ತಿಕೊಳ್ಳುತ್ತದೆ. ಅಗಾರ್ 45ರಿಂದ 50 ಡಿಗ್ರಿಗೆ ಇಳಿದ ಮೇಲೆ 100 ಎಂ.ಎಲ್.ಗೆ 5 ಎಂ.ಎಲ್. ರಕ್ತ. ನಮ್ಮ ಬೇಸಿಗೆಯಲ್ಲಿ ಈ ರಕ್ತ ಕೆಡದಂತೆ ಹೇಗೆ ತರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಕಷ್ಟಪಟ್ಟು ಕಂಡುಕೊಂಡದ್ದು.

ಪ್ಲೇಟ್ ಸರಿಹೋದರೂ ಸ್ವಾಬ್ ಸರಿ ಇರದಿದ್ದರೆ ಎರಡೂ ಪರೀಕ್ಷೆ ದಂಡ. ನಾಲಿಗೆಯನ್ನು ಒತ್ತಿ ಹಿಡಿದು ಎರಡೂ ಟಾನ್ಸಿಲ್, ಹಿಂದಿನ ಗೋಡೆ ಗಟ್ಟಿಯಾಗಿ ಉಜ್ಜಬೇಕು. ಬಿಳಿ ಕಲೆ ಇದ್ದರೆ ಅಲ್ಲೇ ಜಾಸ್ತಿ. ನಾಲಿಗೆ, ಕೆನ್ನೆ, ಕಿರುನಾಲಿಗೆ ಮುಟ್ಟಬಾರದು. ಮಗು ಓಕರಿಸಲೇ ಇಲ್ಲ ಅಂದರೆ ಸ್ವಾಬ್ ಹಿಂದಿನವರೆಗೆ ತಲುಪಿದೆಯಾ ಅಂತ ನನಗೆ ಅನುಮಾನ. ನಾನು ಎರಡು ರೇಯಾನ್ ಸ್ವಾಬ್ ಒಟ್ಟಿಗೆ ಹಿಡಿದು ಒಂದೇ ಸಲ ಉಜ್ಜುತ್ತೇನೆ. ಒಂದು ಕಿಟ್ಟಿಗೆ, ಇನ್ನೊಂದು ಪ್ಲೇಟಿಗೆ. ಕಿಟ್ಟಿನ ದ್ರಾವಣದಲ್ಲಿ ಅದ್ದಿದ ಸ್ವಾಬ್‌ನಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ. ಅದನ್ನೇ ಪ್ಲೇಟಿಗೆ ಹಚ್ಚಿದರೆ ಏನೂ ಬೆಳೆಯುವುದಿಲ್ಲ.

ಜೇವರ್ಗಿ ಕಡೆಯ ಎಂಟು ವರ್ಷದ ಹುಡುಗಿಯ ಕೇಸ್ ಹೇಳುತ್ತೇನೆ. ಜ್ವರ ಬಂದು ಎರಡು ದಿನ. ಕೆಮ್ಮು, ನೆಗಡಿ ಇಲ್ಲ. ಕತ್ತಿನ ಗಂಟು ಮುಟ್ಟಿದರೆ ನೋವು. ರ‍್ಯಾಪಿಡ್ ಹಾಕಿದೆ, ಕಂಟ್ರೋಲ್ ಗೆರೆ ಮಾತ್ರ ಬಂತು, ಅಂದರೆ ನೆಗೆಟಿವ್. ನಿಜವಾಗಿ ಸ್ಟ್ರೆಪ್ ಇರುವ 100 ಮಕ್ಕಳಲ್ಲಿ ಕಿಟ್ ಹಿಡಿಯುವುದು ಸುಮಾರು 85 ಜನರನ್ನು. ಉಳಿದವರು ತಪ್ಪಿಹೋಗುತ್ತಾರೆ. ಎರಡನೇ ಸ್ವಾಬ್ ಪ್ಲೇಟಿಗೆ ಹಚ್ಚಿ, ಲೂಪಿನಿಂದ ಅಗಾರ್ ಒಳಗೂ ಎರಡು ಮೂರು ಕಡೆ ಚುಚ್ಚಿದೆ. ಗಾಳಿ ತಾಗದ ಆಳದಲ್ಲಿ ಉಂಗುರ ಚೆನ್ನಾಗಿ ಬೀಳುತ್ತದೆ. ಮರುದಿನ ಅನುಮಾನದ ನಾಲ್ಕೈದು ಚುಕ್ಕೆ. 48 ಗಂಟೆಗೆ ಸ್ಪಷ್ಟ ಉಂಗುರ. ಯಾವ ಸ್ಟ್ರೆಪ್ ಅಂತ ಗುರುತಿಸಲು ಇನ್ನೆರಡು ಪರೀಕ್ಷೆ ಮಾಡಿದೆ. ಬ್ಯಾಸಿಟ್ರಾಸಿನ್ ಆ್ಯಂಟಿಬಯಾಟಿಕ್ ಡಿಸ್ಕ್ ಸುತ್ತ ಬೆಳವಣಿಗೆ ಇಲ್ಲ, ಪಿವೈಆರ್ ಬಣ್ಣದ ಪರೀಕ್ಷೆ ಕೆಂಪು. ಗ್ರೂಪ್ ಎ ಸ್ಟ್ರೆಪ್.

"ಎರಡು ದಿನ ಸುಮ್ನೆ ಹೋಯ್ತಲ್ಲರೀ ಅಣ್ಣಾ" ಅಂತ ತಾಯಿ ಗಾಬರಿಯಾದರು. ಜ್ವರ ಶುರುವಾದ ಒಂಬತ್ತು ದಿನದೊಳಗೆ ಔಷಧ ಶುರುವಾದರೂ ಸ್ಟ್ರೆಪ್ ಆದ ಮೇಲೆ ಬಂದು ಹೃದಯ ಕೆಡಿಸಬಲ್ಲ ರುಮ್ಯಾಟಿಕ್ ಜ್ವರ ತಡೆಯಬಹುದು. ಇನ್ನೂ ನಾಲ್ಕೇ ದಿನ ಆಗಿತ್ತು. ಡಾಕ್ಟರು ಹತ್ತು ದಿನದ ಅಮಾಕ್ಸಿಸಿಲಿನ್ ಬರೆದರು. ಪ್ಲೇಟಿನಲ್ಲಿ ಏನು ಕಾಣುತ್ತದೆ ಅಂತ ಕೇಳಿದ್ದವರು ಅವರೇ. ಈಗ ನೆಗೆಟಿವ್ ಬಂದ ಪ್ರತಿ ಮಗುವಿಗೂ ಕಲ್ಚರ್ ಬರೆಯುತ್ತಾರೆ. ದೊಡ್ಡವರಿಗೆ ರುಮ್ಯಾಟಿಕ್ ಜ್ವರದ ಭಯ ಬಹಳ ಕಡಿಮೆ, ಅವರಿಗೆ ಸಾಮಾನ್ಯವಾಗಿ ಕಿಟ್ಟೇ ಸಾಕು.

ಉಲ್ಟಾ ಆಗುವುದೂ ಉಂಟು. ರ‍್ಯಾಪಿಡ್ ಪಾಸಿಟಿವ್, ಕಲ್ಚರ್ ಖಾಲಿ. ಆಗ ನಾನು ಮೊದಲು ಕೇಳುವುದು, ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡಿದ್ರಾ ಅಂತ. ಹೌದು ಅನ್ನುವವರೇ ಜಾಸ್ತಿ. ಕಿಟ್ ಹುಡುಕುವುದು ಬ್ಯಾಕ್ಟೀರಿಯಾದ ಗೋಡೆಯ ಆ್ಯಂಟಿಜೆನ್, ಸತ್ತದ್ದರಲ್ಲೂ ಅದು ಸಿಗುತ್ತದೆ. ಪ್ಲೇಟಿನಲ್ಲಿ ಬೆಳೆಯಲು ಜೀವ ಬೇಕು. ಎರಡೂ ಪಾಸಿಟಿವ್ ಬಂದರೂ ಕೆಲವು ಮಕ್ಕಳು ಬರೀ ವಾಹಕರಿರುತ್ತಾರೆ, ಕಾಯಿಲೆ ವೈರಸ್ಸಿನದ್ದು. ಅದಕ್ಕೇ ಕೆಮ್ಮು ನೆಗಡಿಯ ಮಗು ಬಂದರೆ ಪರೀಕ್ಷೆ ಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿಯೇ ಸ್ವಾಬ್ ತೆಗೆಯುತ್ತೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ಶಹಾಪುರದಿಂದ ಒಣ ಸ್ವಾಬನ್ನು ಸಿಲಿಕಾ ಜೆಲ್ ಜೊತೆ ಬಸ್ಸಿನಲ್ಲಿ ತರಿಸಿದೆ. ಸ್ಟ್ರೆಪ್ ಒಣಗಿದರೂ ತಡೆದುಕೊಳ್ಳುತ್ತದೆ, ಮರುದಿನ ಹಚ್ಚಿದರೂ ಬೆಳೆಯಿತು. ಕಿಟ್ಟುಗಳನ್ನು ಮಾತ್ರ ಹಾಗೆ ಕಳಿಸುವುದಿಲ್ಲ. 30 ಡಿಗ್ರಿ ಮೀರಬಾರದು ಅಂತ ಡಬ್ಬಿಯ ಮೇಲೇ ಇದೆ, ನಮ್ಮ ಮೇ ತಿಂಗಳಲ್ಲಿ ಬಸ್ಸಿನ ಒಳಗೆ ಅದಕ್ಕಿಂತ ಎಷ್ಟೋ ಮೇಲೆ.

ಖರ್ಚು ಅಂದಾಜು ಹೇಳುವುದಾದರೆ ಕಿಟ್ ಒಂದಕ್ಕೆ ನನಗೆ 150 ರೂಪಾಯಿ ಆಸುಪಾಸು, ಕುರಿ ರಕ್ತದ ಪ್ಲೇಟಿಗೆ 40ರ ಹತ್ತಿರ. ನೆಗೆಟಿವ್ ಬಂದ ಮಕ್ಕಳ ಕಲ್ಚರಿಗೆ ನಾನು ಬೇರೆ ದುಡ್ಡು ತಗೊಳ್ಳುವುದಿಲ್ಲ. ಮೊದಲೇ ಕಿಟ್ಟಿನ ದರದಲ್ಲಿ ಸೇರಿಸಿಬಿಟ್ಟಿದ್ದೇನೆ. ಬೇರೆ ಕೇಳಿದರೆ ಅರ್ಧ ಜನ ಬೇಡ ಅಂದು ಹೊರಟುಬಿಡುತ್ತಾರೆ.