ಲಾಗಿನ್ ಆದ ತಕ್ಷಣ ಆನ್‌ಲೈನ್ ಒತ್ತುವ ಮುನ್ನ

ಕಸ್ಟಮರ್ ಸಪೋರ್ಟ್‌ಗೆ ಹೊಸದಾಗಿ ಸೇರಿದವರು ಒಂದು ದೂರು ಹೇಳೇ ಹೇಳುತ್ತಾರೆ: "ನನಗೇ ಯಾಕೆ ಎಲ್ಲಾ ಹಳೇ, ಗಲಾಟೆ ಟಿಕೆಟ್‌ಗಳು ಬರ್ತವೆ?" ಟೀಮ್ ಲೀಡ್ ಬೇಕಂತಲೇ ತಳ್ಳುತ್ತಿದ್ದಾರೆ ಎಂದು ಅವರಿಗೆ ಗುಮಾನಿ. ಟಿಕೆಟ್‌ಗಳು ತಾವಾಗಿಯೇ ಹಂಚಿಕೆಯಾಗುವ ಕಡೆ ಇದು ಲೀಡ್ ಕೈಯಲ್ಲಿ ಇರುವುದೇ ಕಡಿಮೆ. ಯಾವ ಟಿಕೆಟ್ ಮೊದಲು ಹೋಗಬೇಕು ಎಂಬುದನ್ನು ಅದರ ಪ್ರಯಾರಿಟಿ ಮತ್ತು ಕಾದ ಸಮಯ ತೀರ್ಮಾನಿಸುತ್ತವೆ. ಯಾರಿಗೆ ಹೋಗಬೇಕು ಎನ್ನುವಾಗ ಸಿಸ್ಟಂ ನೋಡುವುದು ಆ ಗಳಿಗೆಯಲ್ಲಿ ಯಾರ ಸ್ಟೇಟಸ್ ಆನ್‌ಲೈನ್ ಇದೆ, ಅವರ ಬಳಿ ಎಷ್ಟು ಜಾಗ ಖಾಲಿ ಇದೆ ಎಂದು. ರಾತ್ರಿಯಿಡೀ ಕಾದಿದ್ದ ಟಿಕೆಟ್‌ಗಳ ಎದುರು ಬೆಳಗ್ಗೆ ಮೊದಲು ಆನ್‌ಲೈನ್ ಆಗುವವರಿಗೆ ಅತಿ ಹಳೆಯವು ಸಿಗುವುದು ಸಹಜ. ಹತ್ತು ನಿಮಿಷ ತಡವಾಗಿ ಬಂದವರಿಗೆ ತಾಜಾ ಟಿಕೆಟ್ ಸಿಗುತ್ತದೆ, ಅಷ್ಟೇ.

ನಮ್ಮಲ್ಲಿ ಒಬ್ಬರಿಗೆ ಇಮೇಲ್ ಟಿಕೆಟ್ ಮಿತಿ 6, ಚಾಟ್ ಮಿತಿ 2. ಮಿತಿಗೆ ಲೆಕ್ಕವಾಗುವುದು ನನ್ನ ಹೆಸರಲ್ಲಿ ಓಪನ್ ಇರುವವು ಮಾತ್ರ. ಗ್ರಾಹಕರ ಉತ್ತರಕ್ಕೆ ಕಾಯುತ್ತಾ ಪೆಂಡಿಂಗ್‌ನಲ್ಲಿ ಇಟ್ಟವು ಲೆಕ್ಕಕ್ಕಿಲ್ಲ. ಆದರೆ ಅವರು ರಾತ್ರಿ ಉತ್ತರಿಸಿದರೆ ಟಿಕೆಟ್ ಮತ್ತೆ ಓಪನ್ ಆಗಿ, ನಾನು ಬರುವ ಮೊದಲೇ ಜಾಗ ಹಿಡಿದು ಕೂತಿರುತ್ತದೆ.

ಒಂದು ಸೋಮವಾರದ ಉದಾಹರಣೆ ಹೇಳುತ್ತೇನೆ. ನನ್ನ ಹೆಸರಲ್ಲಿ 4 ಓಪನ್. ಕ್ಯೂನಲ್ಲಿ 9 ಕಾಯುತ್ತಿದ್ದವು. ಅದರಲ್ಲಿ 3 ಅರ್ಜೆಂಟ್, ಆ ಮೂರರಲ್ಲಿ ಒಂದು ಹಣ ಎರಡು ಸಲ ಕಡಿತವಾದ ಪ್ರಕರಣ. ನನ್ನ ಮುಂದೆ ಎರಡು ದಾರಿ ಇದ್ದವು.

ಮೊದಲನೆಯದು, ಕೂಡಲೇ ಆನ್‌ಲೈನ್ ಆಗುವುದು. ಖಾಲಿ ಇರುವುದು ಎರಡೇ ಜಾಗವಾದ್ದರಿಂದ ಎರಡು ಅರ್ಜೆಂಟ್ ಟಿಕೆಟ್ ಬಂದು ಕೂರುತ್ತವೆ. ಆಮೇಲೆ ನಾನು ಹಳೆಯದೊಂದಕ್ಕೆ ಉತ್ತರಿಸಿ ಪೆಂಡಿಂಗ್ ಮಾಡಿದಾಗಲೆಲ್ಲ ಕ್ಯೂನಿಂದ ಒಂದೊಂದೇ ಇಳಿಯುತ್ತದೆ. ಎರಡನೆಯದು, "ಅವೇ", ಅಂದರೆ ಸೀಟಿನಲ್ಲಿಲ್ಲ ಎನ್ನುವ ಸ್ಟೇಟಸ್‌ನಲ್ಲೇ ಇದ್ದು ಮೊದಲು ನನ್ನ ಓಪನ್ ಟಿಕೆಟ್‌ಗಳನ್ನು ಮುಗಿಸುವುದು. ಮೂರಕ್ಕೆ ಉತ್ತರಿಸಿ ಪೆಂಡಿಂಗ್ ಮಾಡಿ ಆನ್‌ಲೈನ್ ಆದರೆ ಐದು ಜಾಗ ಖಾಲಿ. ಮೂರು ಅರ್ಜೆಂಟ್, ಎರಡು ಹಳೆಯ ಸಾಮಾನ್ಯ ಟಿಕೆಟ್, ಐದೂ ಒಟ್ಟಿಗೆ ಬೀಳುತ್ತವೆ. ನಾನು ಐದನೆಯದನ್ನು ಮುಟ್ಟುವ ಹೊತ್ತಿಗೆ ಪಕ್ಕದವರು ಬಂದು ಕೈಖಾಲಿ ಕೂತಿದ್ದರೂ ಅದು ಅವರಿಗೆ ಹೋಗುವುದಿಲ್ಲ. ನಮ್ಮ ಸಿಸ್ಟಂ ಒಮ್ಮೆ ಹಂಚಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಬಂದ ಮೇಲೆ ಗಾಬರಿಯಾಗಿ "ಅವೇ" ಒತ್ತಿದರೆ ಹೊಸವು ನಿಲ್ಲುತ್ತವೆ, ಬಂದವು ನನ್ನ ತಲೆ ಮೇಲೇ ಇರುತ್ತವೆ.

ಆ ದಿನ ಬೇರೆ ಯಾರೂ ಆನ್‌ಲೈನ್ ಇರಲಿಲ್ಲ. ಆದ್ದರಿಂದ ಮೊದಲ ದಾರಿ ಹಿಡಿದೆ. ಎರಡು ಅರ್ಜೆಂಟ್ ಬಂದವು, ಹಣ ಕಡಿತದ್ದು ಅವುಗಳಲ್ಲೊಂದು. ಅವೆರಡಕ್ಕೂ ಮೊದಲ ಉತ್ತರ ಕಳುಹಿಸಿ, ಹಳೆಯ ನಾಲ್ಕರಲ್ಲಿ ಸುಲಭದ್ದೊಂದನ್ನು ಪೆಂಡಿಂಗ್ ಮಾಡಿದೆ. ಮೂರನೇ ಅರ್ಜೆಂಟ್ ಇಳಿಯಿತು. ಅಷ್ಟರಲ್ಲಿ ಸಹೋದ್ಯೋಗಿ ಆನ್‌ಲೈನ್ ಆದರು. ಅವರ ಬಳಿ ಓಪನ್ ಒಂದೂ ಇರಲಿಲ್ಲ, ಉಳಿದ ಆರೂ ಅವರಿಗೇ ಹೋದವು. "ಏನ್ರೀ, ಕ್ಯೂ ಪೂರ್ತಿ ನನ್ನ ಮೇಲೇ ಸುರಿದ್ರಲ್ಲ!" ಅಂದರು. ಕ್ಯೂನಲ್ಲಿ ಅರ್ಜೆಂಟ್ ಇಲ್ಲದ ದಿನ, ಅಥವಾ ಇಬ್ಬರು ಆಗಲೇ ಕೂತಿರುವ ದಿನ, ನಾನು ಎರಡನೇ ದಾರಿಯನ್ನೇ ಹಿಡಿಯುತ್ತೇನೆ.

ಚಾಟ್ ಮಾತ್ರ ಎರಡೂ ಸಂದರ್ಭದಲ್ಲಿ ಆಮೇಲೆ. ನಮ್ಮಲ್ಲಿ ಇಮೇಲ್‌ಗೆ ಆನ್‌ಲೈನ್, ಚಾಟ್‌ಗೆ ಆಫ್‌ಲೈನ್ ಎಂದು ಒಂದು ಪ್ರತ್ಯೇಕ ಸ್ಟೇಟಸ್ ಅಡ್ಮಿನ್ ಮಾಡಿಕೊಟ್ಟಿದ್ದಾರೆ. ಚಾಟ್‌ನಲ್ಲಿ ಎದುರಿಗೊಬ್ಬರು ಕಾಯುತ್ತಿರುವಾಗ ಅರ್ಜೆಂಟ್ ಇಮೇಲ್‌ನ ಲಾಗ್ ತೆಗೆದು ಓದುವುದು ಆಗದ ಮಾತು.

ಜಾಗ ಖಾಲಿ ಮಾಡಿಕೊಳ್ಳಲು ಸುಳ್ಳೇ ಪೆಂಡಿಂಗ್ ಹಾಕುವವರೂ ಇದ್ದಾರೆ, ಹೊಸವು ಬಾರದಿರಲೆಂದು ಮುಗಿದದ್ದನ್ನು ಓಪನ್ ಇಟ್ಟುಕೊಳ್ಳುವವರೂ ಇದ್ದಾರೆ. ಎರಡೂ ನನಗೆ ಹಿಡಿಸದು. ಕಾಯುವ ಗ್ರಾಹಕರ ಗಡಿಯಾರ ಓಡುತ್ತಲೇ ಇರುತ್ತದೆ.

ಇನ್ನು "ಬೆಳಗ್ಗೆಯಿಂದ ಒಂದೂ ಟಿಕೆಟ್ ಬಂದಿಲ್ಲ" ಎನ್ನುವವರಿಗೆ. ಕ್ಯೂ ಖಾಲಿ ಎಂದುಕೊಳ್ಳುವ ಮೊದಲು ಸ್ಟೇಟಸ್ ನೋಡಿ; ನಿನ್ನೆ ಊಟಕ್ಕೆ ಹೋಗುವಾಗ ಹಾಕಿದ "ಅವೇ" ಹಾಗೇ ಉಳಿದಿರಬಹುದು. ಅದು ಸರಿಯಿದ್ದರೆ ನಿಮ್ಮ ಓಪನ್ ಟಿಕೆಟ್ ಎಣಿಸಿ, ಮಿತಿ ತುಂಬಿರಬಹುದು. ಅದೂ ಅಲ್ಲವಾದರೆ ಕ್ಯೂನಲ್ಲಿ ಕಾಯುತ್ತಿರುವ ಒಂದು ಟಿಕೆಟ್ ತೆರೆದು ಅದು ಯಾವ ಗ್ರೂಪ್‌ಗೆ ಸೇರಿದೆ, ಯಾವ ಸ್ಕಿಲ್ ಕೇಳುತ್ತಿದೆ ಎಂದು ನೋಡಿ. ಆ ಗ್ರೂಪ್‌ನಲ್ಲಿ ನೀವಿಲ್ಲದಿದ್ದರೆ ಇಡೀ ದಿನ ಆನ್‌ಲೈನ್ ಇದ್ದರೂ ಅದು ನಿಮಗೆ ಬರುವುದಿಲ್ಲ, ಅಡ್ಮಿನ್‌ಗೆ ಹೇಳಿ ಸೇರಿಕೊಳ್ಳಬೇಕು.