ಹಾಸ್ಟೆಲ್ ರ‍್ಯಾಗಿಂಗ್: ಹೆಸರು ಹೊರಬೀಳದ ಹಾಗೆ ನಾವು ದೂರು ಕೊಟ್ಟಿದ್ದು

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಮೊದಲ ವರ್ಷ ಇದ್ದಾಗ ನಾವು ಮೂವರು ರೂಮ್‌ಮೇಟ್‌ಗಳು ರ‍್ಯಾಗಿಂಗ್ ಬಗ್ಗೆ ದೂರು ಕೊಟ್ಟೆವು. ಯಾರು ಕೊಟ್ಟರು ಅನ್ನೋದು ಸೀನಿಯರ್‌ಗಳಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಏನು ಬರೆಯಬೇಕು, ಏನು ಬರೆಯಬಾರದು ಅಂತ ಕೂತು ಯೋಚಿಸಿದ್ದರಿಂದ ಅದು ಸಾಧ್ಯವಾಯಿತು.

ನಮ್ಮಲ್ಲಿ ನಡೀತಿದ್ದಿದ್ದು ಹೀಗೆ. ರಾತ್ರಿ ಊಟ ಆದಮೇಲೆ ಮೊದಲ ವರ್ಷದವರನ್ನು ಮೇಲಿನ ಮಹಡಿಯ ಒಂದು ರೂಮಿಗೆ ಕರೆಸುತ್ತಿದ್ದರು. ತಲೆ ತಗ್ಗಿಸಿ, ಅಂಗಿಯ ಗುಂಡಿ ನೋಡುತ್ತಾ 'ಇಂಟ್ರೊ' ಕೊಡಬೇಕು. ಹೆಸರು, ಊರು, ಅಪ್ಪನ ಕೆಲಸ, ಆಮೇಲೆ ಜಾತಿ. ಉತ್ತರ ಹೇಗಿದ್ದರೂ ನಗು. ಅವರ ಲ್ಯಾಬ್ ರೆಕಾರ್ಡ್ ನಾವು ಬರೆದುಕೊಡಬೇಕು. ಪರೋಟ, ಸಿಗರೇಟಿನ ದುಡ್ಡು ನಮ್ಮ ಫೋನ್‌ಪೇನಿಂದ ಹೋಗಬೇಕು. ಒಂದು ವಾಟ್ಸಾಪ್ ಗ್ರೂಪ್ ಇತ್ತು, ಅದರಲ್ಲಿ ಮಧ್ಯರಾತ್ರಿ ಮೆಸೇಜ್ ಬಂದರೂ ಎದ್ದು ಹೋಗಬೇಕು. ಯಾರೂ ಕೈ ಮಾಡಿರಲಿಲ್ಲ. ಹಾಗಾಗಿ 'ಇದು ರ‍್ಯಾಗಿಂಗ್ ಅಲ್ಲ, ಪರಿಚಯ ಮಾಡ್ಕೊಳ್ಳೋದು' ಅಂತ ಅವರು ಹೇಳುತ್ತಿದ್ದರು. ನಮ್ಮಲ್ಲೂ ತುಂಬಾ ಜನ ಅದನ್ನು ನಂಬಿದ್ದರು.

ಮೈಸೂರಿನಲ್ಲಿ ಓದುತ್ತಿದ್ದ ನಮ್ಮ ಅಕ್ಕ ರ‍್ಯಾಗಿಂಗ್ ತಡೆಯೋದಕ್ಕೆ ಯುಜಿಸಿ ಮಾಡಿದ 2009ರ ನಿಯಮ ಕಳಿಸಿದಳು. ಅದನ್ನು ಓದಿದಾಗ ನಮ್ಮ ರಾತ್ರಿಗಳನ್ನೇ ಯಾರೋ ನೋಡಿ ಬರೆದ ಹಾಗಿತ್ತು. ಸೀನಿಯರ್‌ಗಳ ಓದಿನ ಕೆಲಸವನ್ನು ಹೊಸಬರಿಂದ ಮಾಡಿಸೋದು ರ‍್ಯಾಗಿಂಗ್. ದುಡ್ಡು ಕೀಳೋದು, ಬಲವಂತವಾಗಿ ಖರ್ಚು ಮಾಡಿಸೋದು ರ‍್ಯಾಗಿಂಗ್. ಮಾತಿನಲ್ಲಿ ಅವಮಾನ ಮಾಡೋದೂ ರ‍್ಯಾಗಿಂಗ್, ಸುಮ್ನೆ ನಿಂತು ಅದನ್ನು ನೋಡಿ ಖುಷಿಪಡೋದೂ ರ‍್ಯಾಗಿಂಗ್. ಉದ್ದೇಶ ಇತ್ತೋ ಇಲ್ಲವೋ, ಹೊಸಬನ ಮನಸ್ಸಿಗೆ, ಧೈರ್ಯಕ್ಕೆ ಪೆಟ್ಟು ಬಿತ್ತಾ ಅನ್ನೋದೇ ಮುಖ್ಯ. ಅಂದರೆ 'ತಮಾಷೆಗೆ ಮಾಡಿದ್ವಿ' ಅನ್ನುವ ಮಾತು ನಡೆಯಲ್ಲ. 2016ರ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಮೈಬಣ್ಣ, ಭಾಷೆ, ಊರು, ಮನೆಯ ಬಡತನ ಹಿಡಿದು ಕಾಡೋದನ್ನೂ ಹೆಸರಿಟ್ಟು ಸೇರಿಸಿದ್ದಾರೆ. ಜಾಗ ಕ್ಯಾಂಪಸ್ ಹೊರಗಿನ ಹಾಸ್ಟೆಲ್ ಆದರೂ, ಕಾಲೇಜು ಬಸ್ ಆದರೂ ನಿಯಮ ಅನ್ವಯಿಸುತ್ತದೆ. ಇದಲ್ಲದೆ ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಪ್ರಕಾರವೂ ರ‍್ಯಾಗಿಂಗ್ ಶಿಕ್ಷೆ ಆಗುವ ಅಪರಾಧ.

ಸರಿ, ದೂರು ಕೊಡೋದು ಹೇಗೆ? ಯುಜಿಸಿಯ ರಾಷ್ಟ್ರಮಟ್ಟದ ಸಹಾಯವಾಣಿ 1800-180-5522, ದಿನದ ಯಾವ ಹೊತ್ತಿನಲ್ಲಾದರೂ ಉಚಿತ ಕರೆ. ಇಮೇಲ್ helpline@antiragging.in. ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಆ ದೂರು ದೆಹಲಿಯಲ್ಲೇ ಕೂತಿರಲ್ಲ. ಪ್ರಿನ್ಸಿಪಾಲರಿಗೆ, ಹಾಸ್ಟೆಲ್ ವಾರ್ಡನ್‌ಗೆ, ಜಿಲ್ಲೆಯ ಅಧಿಕಾರಿಗಳಿಗೆ ಒಟ್ಟಿಗೇ ಹೋಗಬೇಕು ಅಂತ ನಿಯಮ ಇದೆ. ಅಂದರೆ ನೀವು ಬರೆದ ಸಾಲುಗಳನ್ನು ಹಾಸ್ಟೆಲ್‌ನಲ್ಲೇ ಇರುವವರು ಓದುತ್ತಾರೆ. ಹೆಸರು ಬರೆಯದಿದ್ದರೂ 'ನನ್ನ ಅಪ್ಪನ ಕೆಲಸದ ಬಗ್ಗೆ ಹೀಗಂದರು' ಅಂತ ಬರೆದರೆ ಮುಗೀತು, ಅದು ಯಾರು ಅಂತ ಆ ರೂಮಿನಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತದೆ.

ನಾವು ಮಹಾರಾಜ ಪಾರ್ಕಿನಲ್ಲಿ ಕೂತು ಪತ್ರದ ಕರಡು ಬರೆದೆವು. ಹಾಸ್ಟೆಲ್‌ನಲ್ಲಿ ಬರೆಯುವ ಹಾಗಿರಲಿಲ್ಲ, ಅಲ್ಲಿ ಫೋನ್ ಕಿತ್ತುಕೊಂಡು ನೋಡುತ್ತಿದ್ದರು. ಮೊದಲ ಕರಡಿನಲ್ಲಿ ನಮಗೆ ಆಗಿದ್ದೆಲ್ಲ ಇತ್ತು. ಒಂದೊಂದು ಸಾಲನ್ನೂ ಓದಿ, 'ಇದು ಎಷ್ಟು ಜನಕ್ಕೆ ಆಗಿದೆ?' ಅಂತ ಕೇಳಿಕೊಂಡೆವು. ಒಬ್ಬನಿಗೆ ಮಾತ್ರ ಆಗಿದ್ದನ್ನು ಹೊಡೆದುಹಾಕಿದೆವು. ಎಲ್ಲರಿಗೂ ಆಗಿದ್ದನ್ನು ಉಳಿಸಿದೆವು: ಯಾವ ರೂಮು, ಯಾವ ಹೊತ್ತು, ಯಾರ ರೆಕಾರ್ಡ್, ಯಾರು ಕರೆಸುತ್ತಾರೆ. 'ನಾನು' ಅನ್ನೋ ಕಡೆ 'ಮೊದಲ ವರ್ಷದವರು' ಅಂತ ಮಾಡಿದೆವು.

ಸ್ಕ್ರೀನ್‌ಶಾಟ್ ವಿಷಯದಲ್ಲೂ ಹುಷಾರಾಗಿರಬೇಕು. ನಿಮ್ಮ ಫೋನ್‌ನಲ್ಲಿ ಆ ನಂಬರುಗಳನ್ನು ಯಾವ ಹೆಸರಲ್ಲಿ ಸೇವ್ ಮಾಡಿದ್ದೀರೋ ಅದೇ ಹೆಸರು ಕಾಣುತ್ತದೆ. ನೀವೇ ಕಳಿಸಿದ ಮೆಸೇಜ್ ಬಲಗಡೆ ಇರುತ್ತದೆ, ಅಷ್ಟು ಸಾಕು ಗುರುತು ಹಿಡಿಯೋದಕ್ಕೆ. ಫೋನ್‌ಪೇ ರಸೀದಿ ಒಳ್ಳೆಯ ಸಾಕ್ಷಿ, ಆದರೆ ಅದರಲ್ಲಿ ದುಡ್ಡು ಕೊಟ್ಟವನ ವಿವರವೂ ಇರುತ್ತದೆ. ಅದಕ್ಕೇ ಇವು ಯಾವುದನ್ನೂ ಮೊದಲ ಪತ್ರಕ್ಕೆ ಸೇರಿಸಲಿಲ್ಲ. ಅಕ್ಕನಿಗೆ ಕಳಿಸಿ, ನಮ್ಮ ಫೋನ್‌ಗಳಿಂದ ಅಳಿಸಿದೆವು. 'ಸಾಕ್ಷಿ ಇದೆ, ವಿಚಾರಣೆ ಶುರುವಾದರೆ ಕೊಡುತ್ತೇವೆ' ಅಂತಷ್ಟೇ ಬರೆದೆವು.

ಇಷ್ಟಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಪತ್ರದ ಕೊನೆಯ ಬೇಡಿಕೆ. ಕಾಲೇಜುಗಳಲ್ಲಿ ಆ್ಯಂಟಿ ರ‍್ಯಾಗಿಂಗ್ ಕಮಿಟಿ ಇರುವ ಹಾಗೆಯೇ ಸ್ಕ್ವಾಡ್ ಅಂತ ಬೇರೆ ತಂಡ ಇರಬೇಕು. ಹಾಸ್ಟೆಲ್‌ಗಳಿಗೆ ಹೇಳದೆ ಕೇಳದೆ ಹೋಗಿ ತಪಾಸಣೆ ಮಾಡೋದು ಅದರ ಕೆಲಸ. ನಾವು 'ಇವರಿಗೆ ಶಿಕ್ಷೆ ಕೊಡಿ' ಅಂತ ಕೇಳಲಿಲ್ಲ. 'ಊಟ ಆದಮೇಲೆ, ಹತ್ತೂವರೆ ದಾಟಿದ ಮೇಲೆ, ಈ ರೂಮಿಗೆ ಸ್ಕ್ವಾಡ್ ಬರಲಿ. ವಾರ್ಡನ್‌ಗೆ ಮುಂಚೆ ತಿಳಿಸೋದು ಬೇಡ' ಅಂತ ಕೇಳಿದೆವು. ಸ್ಕ್ವಾಡ್‌ನವರು ಕಣ್ಣಾರೆ ನೋಡಿದರೆ ದೂರು ಕೊಟ್ಟವನು ಮುಂದೆ ಬರಬೇಕಾದ ಅಗತ್ಯವೇ ಕಡಿಮೆ ಆಗುತ್ತದೆ, ಅಲ್ವಾ?

ಈ ಬೇಡಿಕೆ ವಾರ್ಡನ್ ಕೈಗೇ ಸಿಕ್ಕಿದರೆ ಏನು ಪ್ರಯೋಜನ? ಹಾಗಾಗಿ ಅದನ್ನು ಸಹಾಯವಾಣಿಗೆ ಮೊದಲು ಕಳಿಸಲಿಲ್ಲ. ಸ್ಕ್ವಾಡ್‌ನಲ್ಲಿದ್ದ, ನಮಗೆ ಪಾಠ ಮಾಡುತ್ತಿದ್ದ ಒಬ್ಬ ಮೇಡಂ ಕೈಗೆ ಕೊಟ್ಟೆವು. ಹಾಸ್ಟೆಲ್ ಆಡಳಿತದ ಜೊತೆ ಅವರಿಗೆ ಸಂಬಂಧ ಇರಲಿಲ್ಲ, ಅದಕ್ಕೇ ಅವರನ್ನು ಆರಿಸಿದ್ದು. 'ಮೇಡಂ, ವಾರದೊಳಗೆ ಏನೂ ಆಗದಿದ್ದರೆ ಸಹಾಯವಾಣಿಗೆ ಮೇಲ್ ಮಾಡ್ತೀವಿ' ಅಂತಲೂ ಹೇಳಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ಮಾಡ್ಲೇಬೇಕಪ್ಪ, ನಾನು ಹೇಳಿದೆ ಅಂತ ಬಿಡಬೇಡಿ' ಅಂದರು.

ಸ್ಕ್ವಾಡ್ ಬಂತು. ರೂಮಿನಲ್ಲಿ ಹುಡುಗರು ಸಾಲಾಗಿ ತಲೆ ತಗ್ಗಿಸಿ ನಿಂತಿದ್ದರು, ಮೇಜಿನ ಮೇಲೆ ಅರ್ಧ ಬರೆದ ರೆಕಾರ್ಡ್‌ಗಳಿದ್ದವು. ಒಂದರ ಮೇಲೆ ಸೀನಿಯರ್ ಹೆಸರು, ಒಳಗೆ ಜೂನಿಯರ್ ಕೈಬರಹ.

ಹೇಳಿಕೆ ಪಡೆಯುವಾಗ ಮೇಡಂ ಒಂದು ಒಳ್ಳೆ ಕೆಲಸ ಮಾಡಿಸಿದರು. ಮೊದಲ ವರ್ಷದ ಎಲ್ಲರನ್ನೂ, ಏನೂ ಆಗಿಲ್ಲ ಅಂದವರನ್ನೂ ಸೇರಿಸಿ, ಒಬ್ಬೊಬ್ಬರಾಗಿ ಡಿಪಾರ್ಟ್‌ಮೆಂಟ್‌ಗೆ ಕರೆಸಿದರು. ಎಲ್ಲರೂ ಒಳಗೆ ಹೋಗಿ ಬಂದರೆ ಯಾರು ಮಾತಾಡಿದರು ಅಂತ ಹೊರಗಿನವರಿಗೆ ತಿಳಿಯಲ್ಲ. ಫೋನ್‌ಪೇ ರಸೀದಿಗಳನ್ನು ನಾವು ಕೊಟ್ಟಿದ್ದು ಆಗಲೇ. ನಿಮ್ಮ ಕಾಲೇಜು ಹೀಗೆ ಮಾಡದಿದ್ದರೆ ನೀವೇ ಕೇಳಿ. ವಿಚಾರಣೆ ಮುಗಿಯೋವರೆಗೆ ಆ ಸೀನಿಯರ್‌ಗಳನ್ನು ಹಾಸ್ಟೆಲ್‌ನಿಂದ ಹೊರಗಿಡಿ ಅಂತಲೂ ಕೇಳಿ. ನಮ್ಮಲ್ಲಿ ಕೊನೆಗೆ ಇಬ್ಬರನ್ನು ಹಾಸ್ಟೆಲ್‌ನಿಂದ ಕಳಿಸಿದರು, ಉಳಿದವರನ್ನು ಸ್ವಲ್ಪ ಕಾಲ ಕ್ಲಾಸಿನಿಂದ ಸಸ್ಪೆಂಡ್ ಮಾಡಿದರು. ನಿಯಮದಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆಗಳೂ ಇವೆ, ಅಡ್ಮಿಷನ್ ರದ್ದು ಮಾಡುವವರೆಗೆ.

ಈ ದಾರಿ ಎಲ್ಲದಕ್ಕೂ ಸರಿಹೋಗಲ್ಲ. ಹೊಡೆದರೆ, ಬಟ್ಟೆ ಬಿಚ್ಚಿಸಿದರೆ, ಕುಡಿಸಿದರೆ, ಕೂಡಿಹಾಕಿದರೆ ಕರಡು ಬರೆಯುತ್ತಾ ಕೂರುವ ಸಮಯ ಅಲ್ಲ. ಆಗ ಹಾಸ್ಟೆಲ್ ಬಿಟ್ಟು ಹೊರಗೆ ಬಂದು 112ಕ್ಕೆ ಫೋನ್ ಮಾಡಿ, ಮನೆಯವರಿಗೆ ಹೇಳಿ. ಗಾಯ ಆಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತು ಅಂತ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಬರೆಸಿಕೊಳ್ಳಿ. 'ಮೆಟ್ಟಿಲ ಮೇಲೆ ಬಿದ್ದೆ' ಅಂತ ಬರೆಸಿದರೆ ಆಮೇಲೆ ಬದಲಾಯಿಸೋದು ಕಷ್ಟ. ಇಂಥ ಪ್ರಕರಣದಲ್ಲಿ ವಿಷಯ ತಿಳಿದ 24 ಗಂಟೆಯೊಳಗೆ ಕಾಲೇಜಿನ ಮುಖ್ಯಸ್ಥರು ಪೊಲೀಸರಲ್ಲಿ ಎಫ್‌ಐಆರ್ ಮಾಡಿಸಬೇಕು. 'ಒಳಗೇ ರಾಜಿ ಮಾಡ್ಕೊಳ್ಳಿ' ಅಂತ ಯಾರಾದರೂ ಕೂರಿಸಿದರೆ, ಕಾಗದಕ್ಕೆ ಸಹಿ ಹಾಕಬೇಡಿ. ಹೊರಗೆ ಬಂದು ಸಹಾಯವಾಣಿಗೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ.