‘ಕೆಲವೇ ಗ್ರಾಹಕರು’ ಎಂಬ ಸಾಲನ್ನು ಹೊಡೆದುಹಾಕಿದ ದಿನ

ನೀರು ಕುದಿದ ಮೇಲೂ ಆಫ್ ಆಗದೆ, ತಳ ಕರಗಿ ಮೇಜಿಗೆ ಅಂಟಿಕೊಂಡ ನಮ್ಮ ಎಲೆಕ್ಟ್ರಿಕ್ ಕೆಟಲ್‌ನ ವಿಡಿಯೊ ಬೆಳಗಾಗುವಷ್ಟರಲ್ಲಿ ಎಲ್ಲೆಡೆ ಹರಡಿತ್ತು. ಕಂಪನಿಯ ಸಂವಹನ ವಿಭಾಗ ನನ್ನ ಹೊಣೆ. ಆ ದಿನ ಬರಬೇಕಿದ್ದ ಜಾಹೀರಾತುಗಳನ್ನೆಲ್ಲ ಮೊದಲು ತಡೆದೆ. ಕರಗಿದ ಕೆಟಲ್‌ನ ಪಕ್ಕದಲ್ಲೇ ನಮ್ಮ ನಗುಮೊಗದ ಕುಟುಂಬ ಕಾಣಿಸಿಕೊಂಡಿದ್ದರೆ ಮುಗಿಯಿತು!

ಕಾನೂನು ವಿಭಾಗದ ಕರಡು ಹೀಗಿತ್ತು: ‘ಕೆಲವೇ ಗ್ರಾಹಕರಿಗೆ ಉಂಟಾಗಿರಬಹುದಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.’ ಕೆಲವೇ ಎಂದು ನಮಗೆ ಹೇಗೆ ಗೊತ್ತು? ಮೇಜು ಸುಟ್ಟುಕೊಂಡವರಿಗೆ ಅದು ಬರಿಯ ಅನನುಕೂಲವೇ? ಅದನ್ನು ಹೊಡೆದುಹಾಕಿ ಬರೆದೆ: ‘ಈ ಮಾದರಿಯ ಕೆಟಲ್ ನಿಮ್ಮಲ್ಲಿದ್ದರೆ ಈಗಲೇ ಪ್ಲಗ್ ತೆಗೆಯಿರಿ, ಬಳಸಬೇಡಿ. ಕುದಿದ ಮೇಲೆ ಅದು ಆಫ್ ಆಗದಿರಬಹುದು. ಇಂಥದ್ದು ನಿಮ್ಮ ಕೈಗೆ ಬಂದದ್ದು ನಮ್ಮ ತಪ್ಪು, ಕ್ಷಮಿಸಿ. ಕಾರಣ ಇನ್ನೂ ತಿಳಿದಿಲ್ಲ. ಸಂಜೆ ಆರಕ್ಕೆ ಮತ್ತೆ ತಿಳಿಸುತ್ತೇವೆ.’ ‘ತಪ್ಪು’ ಎಂಬ ಒಂದು ಪದಕ್ಕೆ ವಕೀಲರೊಡನೆ ಒಂದು ಗಂಟೆ ವಾದವಾಯಿತು. ಸಂಜೆ ಆರಕ್ಕೆ ಹೇಳಲು ಹೊಸದೇನೂ ಇರಲಿಲ್ಲ. ಇಲ್ಲವೆಂದೇ ಹೇಳಿದೆವು, ಆದರೆ ಆರಕ್ಕೆ ಸರಿಯಾಗಿ ಹೇಳಿದೆವು.

ಎಡವಿದ್ದು ಮರುದಿನ. ಹಣ ವಾಪಸಿಗೆ ಬಿಲ್ ಬೇಕೆಂದು ಕೇಳಿದೆವು. ಕೆಟಲ್‌ನ ಬಿಲ್ಲನ್ನು ಯಾರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ? ಹಿಂದಿನ ದಿನ ‘ನನ್ನದೂ ಹೀಗೇ ಆಗುತ್ತದೆಯೇ’ ಎಂದು ಕೇಳುತ್ತಿದ್ದವರು ಈಗ ‘ಇವರ ಕ್ಷಮೆ ಬರೀ ಬಾಯಿಮಾತು’ ಎನ್ನತೊಡಗಿದರು. ಪ್ರಶ್ನೆಗಳು ಕಡಿಮೆಯಾಗಿ ವ್ಯಂಗ್ಯ ಹೆಚ್ಚಿತೆಂದರೆ ನಂಬಿಕೆ ಜಾರುತ್ತಿದೆ ಎಂದೇ ಅರ್ಥ. ತಳದಲ್ಲಿರುವ ಬ್ಯಾಚ್ ಸಂಖ್ಯೆಯ ಫೋಟೊ ಸಾಕು ಎಂದು ಆ ಸಂಜೆಯೇ ಬದಲಾಯಿಸಿದೆವು.

ಮಾರಾಟ ವಿಭಾಗಕ್ಕೆ ತಕ್ಷಣ ಹೊಸ ಕೆಟಲ್‌ಗಳನ್ನು ಹಂಚುವ ಅವಸರ. ನಾನು 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ನೆನಪಿಸಿದೆ: ಬದಲಿಗೆ ಕೊಟ್ಟ ಫೋನ್‌ಗಳಿಗೂ ಬೆಂಕಿ ಹೊತ್ತಿಕೊಂಡು, ಕೊನೆಗೆ ಆ ಮಾದರಿಯನ್ನೇ ನಿಲ್ಲಿಸಬೇಕಾಯಿತು. ಕಾರಣ ಸಿಗುವವರೆಗೆ ಹಣ ಮಾತ್ರ ಕೊಡೋಣ ಎಂದು ತೀರ್ಮಾನವಾಯಿತು.

ಕಾರಣ ಸಿಕ್ಕಿದ್ದು ಹತ್ತನೆಯ ದಿನ. ಬಿಸಿಗೆ ಬಾಗಿ ಸ್ವಿಚ್ ಬಿಡಿಸಬೇಕಾದ ಲೋಹದ ಬಿಲ್ಲೆ ಸರಿಯಾಗಿಯೇ ಬಾಗುತ್ತಿತ್ತು. ಆದರೆ ವಿದ್ಯುತ್ ಹರಿಸುವ ಎರಡು ಲೋಹದ ತುದಿಗಳು ದಿನಬಳಕೆಯ ಕಿಡಿಗಳಿಂದ ಒಂದಕ್ಕೊಂದು ಬೆಸೆದುಕೊಂಡು ಬಿಡುತ್ತಲೇ ಇರಲಿಲ್ಲ. ಹೊಸ ಸ್ವಿಚ್ಚನ್ನು ಒಂದೆರಡು ಸಲ ಪರೀಕ್ಷಿಸಿದರೆ ಈ ದೋಷ ಕಾಣುವುದಿಲ್ಲ. ನಮ್ಮ ಪರೀಕ್ಷೆ ಅಷ್ಟೇ ಆಗಿತ್ತು. ಈಗ ಪ್ರತಿ ಬ್ಯಾಚಿನ ಕೆಲವು ಕೆಟಲ್‌ಗಳನ್ನು ಸಾವಿರಾರು ಸಲ ಕುದಿಸಿದ ನಂತರವೇ ಉಳಿದವು ಗೋದಾಮಿನಿಂದ ಹೊರಡುತ್ತವೆ. ಇದನ್ನು ಚಿತ್ರ ಸಮೇತ ಪ್ರಕಟಿಸಿದೆವು, ‘ಹಿಂದೆ ಹೀಗೆ ಮಾಡುತ್ತಿರಲಿಲ್ಲ’ ಎಂಬ ಸಾಲಿನೊಂದಿಗೆ.

ಇನ್ನೊಂದು ಬದಲಾವಣೆ ಹೊರಗೆ ಕಾಣದ್ದು. ವಿಡಿಯೊ ಬರುವುದಕ್ಕೆ ಮೂರು ವಾರ ಮೊದಲೇ ಸಹಾಯವಾಣಿಗೆ ಇಂಥ ನಾಲ್ಕು ದೂರುಗಳು ಬಂದಿದ್ದವು, ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಒಂದೇ ಬಗೆಯ ಎರಡು ದೂರು ಬಂದರೆ ರವಾನೆ ತಡೆಯುವ ಅಧಿಕಾರ ಈಗ ಸಹಾಯವಾಣಿಯವರಿಗೇ ಇದೆ. ಕಳೆದ ತಿಂಗಳು ಅಲ್ಲಿನ ಹುಡುಗಿಯೊಬ್ಬಳು ಎರಡು ಲಾರಿಗಳನ್ನು ನಿಲ್ಲಿಸಿದಳು. ಪರೀಕ್ಷಿಸಿದರೆ ದೋಷವೇನೂ ಇರಲಿಲ್ಲ. ಗೋದಾಮಿನವರು ಗೊಣಗಿದರು. ಅವಳನ್ನು ಯಾರೂ ಬೈಯಲಿಲ್ಲ.